ಸ್ವಲ್ಪ ನೋಡ್ಕಳಿ ಸಾರ್

ಅಜ್ಜಂಪುರದಿಂದ ತರೀಕೆರೆಗೆ ರೈಲಿನಲ್ಲಿ ಹೋಗುತ್ತೇನೆಂದು ಹಟ ಹಿಡಿದರೆ ನೇರ ಹಳಿ ಇಲ್ಲ. ಮೊದಲು ಹಿಂದಕ್ಕೆ ಬೀರೂರಿಗೆ ಬರಬೇಕು. ಅಲ್ಲಿ ಇಳಿದು, ಪ್ಲಾಟ್‌ಫಾರ್ಮಿನಲ್ಲಿ ಕೂತು, ಒಂದು ಟೀ ಕುಡಿದು, ಶಿವಮೊಗ್ಗದ ಕಡೆಯ ಗಾಡಿ ಬಂದಾಗ ಹತ್ತಬೇಕು. ಕಡೂರಿನವರಿಗೂ ಬೀರೂರು ದಾಟದೆ ಇವೆರಡರಲ್ಲಿ ಯಾವ ಊರೂ ಸಿಗುವುದಿಲ್ಲ. ಸರ್ಕಾರಿ ಕಾಗದದಲ್ಲಿ ಈ ಬೀರೂರಿಗೆ ‘ಮೂಲಕ’ ಎಂದು ಹೆಸರು. ಅರ್ಜಿಯ ತಲೆಯಲ್ಲಿ ‘ಇಂದ’, ‘ಇವರಿಗೆ’ ಎಂಬ ಎರಡು ಊರುಗಳ ನಡುವೆ ಅದು ತಣ್ಣಗೆ ಕೂತಿರುತ್ತದೆ.

ನಾನು ಅಜ್ಜಂಪುರ, ತರೀಕೆರೆ, ಕಡೂರು, ಈ ಮೂರೂ ಊರುಗಳಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಯಾವ ಇಲಾಖೆ ಎಂದು ಕೇಳಬೇಡಿ, ಪಿಂಚಣಿ ಬರುತ್ತಿದೆ. ನನ್ನ ಇಷ್ಟು ವರ್ಷಗಳ ಅನುಭವದಲ್ಲಿ, ನಮ್ಮ ನೌಕರ ತನಗಿಂತ ನಾಲ್ಕು ಮೆಟ್ಟಿಲು ಮೇಲಿರುವ ಸಾಹೇಬರ ಮುಂದೆ ನಿಂತಾಗ ಬಾಯಿಂದ ಬರುವ ವಾಕ್ಯ ಒಂದೇ: “ಸ್ವಲ್ಪ ನೋಡ್ಕಳಿ ಸಾರ್.” ಏನನ್ನು ನೋಡಬೇಕು, ಎಷ್ಟು ನೋಡಬೇಕು, ಕಡತ ನೋಡಬೇಕೋ ಮುಖ ನೋಡಬೇಕೋ, ವಾಕ್ಯದಲ್ಲಿ ಸುಳಿವಿಲ್ಲ. ವರ್ಗಾವಣೆಗೂ ಅದೇ, ಸಂಬಳ ಬಡ್ತಿಗೂ ಅದೇ, ತನ್ನದೇ ದುಡ್ಡನ್ನು ತಾನು ಪಡೆಯುವುದಕ್ಕೂ ಅದೇ. ನ್ಯಾಯವಾಗಿ ಬರಬೇಕಾದ್ದನ್ನು ಕೇಳುವವನೂ ಅನ್ಯಾಯವಾಗಿ ಬೇಕಾದ್ದನ್ನು ಕೇಳುವವನೂ ಒಂದೇ ಮಾತು ಆಡಿದರೆ ಸಾಹೇಬರು ಯಾವ ಜರಡಿಯಲ್ಲಿ ಜಾಲಿಸಬೇಕು? ಅವರು ಸುಲಭದ ದಾರಿ ಹಿಡಿಯುತ್ತಾರೆ: ಎಲ್ಲರೂ ಉಪಕಾರ ಕೇಳಲು ಬಂದವರೆಂದೇ ತಿಳಿಯುತ್ತಾರೆ.

ಇನ್ನು ಆ ನಿಲುವು. ಚೇಂಬರಿನ ಅರ್ಧಬಾಗಿಲ ಹೊರಗೆ ಚಪ್ಪಲಿ ಬಿಡುವುದು ಮೊದಲ ಅಂಕ. ಒಳಗಿರುವುದು ಮೇಜು, ಕುರ್ಚಿ, ಕ್ಯಾಲೆಂಡರು, ಗರ್ಭಗುಡಿಯೇನಲ್ಲ. ಆದರೂ ಕಾಲು ತಾನಾಗಿ ಚಪ್ಪಲಿ ಕಳಚುತ್ತದೆ. ಎರಡನೆಯ ಅಂಕದಲ್ಲಿ ಬೆನ್ನು ಬಾಗುತ್ತದೆ. ಮೂರನೆಯದರಲ್ಲಿ ಧ್ವನಿ ಎಷ್ಟು ಇಳಿಯುತ್ತದೆಂದರೆ ಸಾಹೇಬರು ಫ್ಯಾನು ನಿಲ್ಲಿಸಿ ಕೇಳಬೇಕು. ಇದಕ್ಕೆ ನಾವು ಮರ್ಯಾದೆ ಎನ್ನುತ್ತೇವೆ. ಮೇಜಿನ ಆಚೆಯಿಂದ ನೋಡಿದರೆ ಮಾತ್ರ ಇವನೇನೋ ಬಚ್ಚಿಟ್ಟುಕೊಂಡು ಬಂದಿದ್ದಾನೆ ಅನಿಸುತ್ತದೆ. ಅಜ್ಜಂಪುರದ ಅಮೃತ ಮಹಲ್ ತಳಿ ಕೇಂದ್ರದ ಕಡೆಯವರನ್ನು ಕೇಳಿ, ಆ ಜಾತಿಯ ಎತ್ತಿನ ಹತ್ತಿರ ಹೇಗೆ ಹೋಗಬೇಕೆಂದು. ಅಡ್ಡದಲ್ಲಿ, ಬಗ್ಗಿಕೊಂಡು, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೋದವನಿಗೆ ಕೊಂಬು ಕಾದಿರುತ್ತದೆ. ಸಾಹೇಬರನ್ನು ಎತ್ತಿಗೆ ಹೋಲಿಸಿದೆನೆಂದು ಯಾರೂ ಮುನಿಯಬಾರದು. ಅಮೃತ ಮಹಲ್ ಎತ್ತು ಮೈಸೂರು ಅರಸರ ಫಿರಂಗಿ ಎಳೆದ ತಳಿ, ಸಾಮಾನ್ಯದ್ದಲ್ಲ.

ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. ಆಗ ನಾನು ದ್ವಿತೀಯ ದರ್ಜೆ ಸಹಾಯಕ. ತಂಗಿಯ ಮದುವೆಗೆಂದು ಜಿಪಿಎಫ್ ಮುಂಗಡಕ್ಕೆ ಅರ್ಜಿ ಹಾಕಿದ್ದೆ. ಪ್ರತಿ ತಿಂಗಳೂ ನನ್ನ ಸಂಬಳದಲ್ಲೇ ಹಿಡಿದಿಟ್ಟ ದುಡ್ಡು. ಅರ್ಜಿ ಮೇಲೆ ಹೋಯಿತು, ಹೋದದ್ದು ಬರಲಿಲ್ಲ. ಹಿರಿಯರೊಬ್ಬರು ಉಪದೇಶಿಸಿದರು: “ಸುಮ್ನೆ ಕೈ ಬೀಸ್ಕಂಡು ಹೋದ್ರೆ ಆಗಲ್ಲ ಕಣಪ್ಪ, ನಿಮ್ಮ ಕಡೂರು ಕಡೆ ಕಾಯಿಗೆ ಬರವಾ?” ಭಾನುವಾರ ಬೆಳಿಗ್ಗೆ ಇಪ್ಪತ್ತೈದು ತೆಂಗಿನಕಾಯಿಯ ಚೀಲ ಹೆಗಲಿಗೇರಿಸಿ ಸಾಹೇಬರ ಕ್ವಾರ್ಟರ್ಸಿಗೆ ಹೋದೆ. ಸಾಹೇಬರು ಊರಲ್ಲಿರಲಿಲ್ಲ. ಅವರ ಮನೆಯವರು ಬಾಗಿಲಿಗೆ ಬಂದರು. ಚೀಲ ನೋಡಿದರು, ನನ್ನನ್ನು ನೋಡಿದರು. “ಒಂದಕ್ಕೆ ಎಷ್ಟಪ್ಪ?” ಎಂದರು.

ನನಗೆ ನಾಲಿಗೆ ಏಳಲಿಲ್ಲ. ಲಂಚ ಎಂದು ಹೇಳಲಾದೀತೆ? ಬಾಯಿಗೆ ಬಂದ ಬೆಲೆ ಹೇಳಿದೆ. ಆಯಮ್ಮ “ಜಾಸ್ತಿ ಆಯ್ತು, ಸಂತೆಲೇ ಕಡಿಮೆಗೆ ಸಿಗುತ್ತೆ” ಎಂದು ಚೌಕಾಸಿ ಮಾಡಿ, ನಾಲ್ಕು ಕಾಯಿ ಅಲ್ಲಾಡಿಸಿ ನೀರು ನೋಡಿ, ಹತ್ತು ಕಾಯಿ ಕೊಂಡು ದುಡ್ಡು ಎಣಿಸಿ ಕೊಟ್ಟರು. ಉಳಿದ ಹದಿನೈದನ್ನು ಹೊತ್ತು ವಾಪಸು ಬಂದೆ. ವಾರದೊಳಗೆ ಇಡೀ ಕಚೇರಿಯಲ್ಲಿ ನನ್ನ ಹೆಸರು ಬದಲಾಯಿತು. ಮೂರು ವರ್ಷ ಆ ಊರಲ್ಲಿ ನಾನು ‘ಕಾಯಿ ಎಸ್‌ಡಿಎ’. ಮುಂಗಡ ಯಾಕೆ ನಿಂತಿತ್ತು ಗೊತ್ತೆ? ಅರ್ಜಿಯ ಜೊತೆ ಲಗ್ನಪತ್ರಿಕೆ ಲಗತ್ತಿಸಿರಲಿಲ್ಲ. ಅಚ್ಚು ಹಾಕಿಸಿದ ಒಂದು ಕಾರ್ಡು. ಕಾಯಿಯ ಬದಲು ಅದನ್ನು ಒಯ್ದಿದ್ದರೆ ಮುಗಿಯುತ್ತಿತ್ತು. ಯಾವ ಕಾಗದ ಕಡಿಮೆ ಇದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಕಾಲ ಬದಲಾಗಿದೆ ಎನ್ನುತ್ತೀರಿ. ನಿಜ, ಚೀಲದೊಳಗಿನ ಸಾಮಾನು ಬದಲಾಗಿದೆ. 2021ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಹಣ್ಣಿನ ಬುಟ್ಟಿ, ಶಾಲು ಬೇಡ, ಬೇಕಾದರೆ ಕನ್ನಡ ಪುಸ್ತಕ ಕೊಡಿ ಎಂದರು. 2023ರ ಮೇನಲ್ಲಿ ಸಿದ್ದರಾಮಯ್ಯನವರು ಅಧಿಕಾರಕ್ಕೆ ಬಂದ ಕೂಡಲೇ ತಮಗೂ ಹಾರ ಶಾಲು ಬೇಡ, ಪುಸ್ತಕ ಕೊಡಬಹುದು ಎಂದರು. ಒಳ್ಳೆಯ ಮಾತುಗಳೇ. ನಮ್ಮ ಜನ ಅದರಿಂದ ಕಲಿತದ್ದು, ಶಾಲಿನ ಕೆಲಸವನ್ನು ಪುಸ್ತಕದಿಂದಲೂ ಮಾಡಿಸಬಹುದು ಎಂಬುದನ್ನು. ಈಗ ಹೊಸ ಸಾಹೇಬರು ಬಂದ ದಿನ ಅವರ ಮೇಜಿನ ಮೇಲೆ ಒಂದೇ ಪುಸ್ತಕದ ಏಳು ಪ್ರತಿ ಬಿದ್ದಿರುತ್ತವೆ, ಪ್ರತಿಯೊಂದರ ಒಳಪುಟದಲ್ಲಿ ಕೊಟ್ಟವನ ಹೆಸರು, ಹುದ್ದೆ, ಮೊಬೈಲ್ ನಂಬರು. ಕೊಟ್ಟವನೂ ಓದಿಲ್ಲ, ಪಡೆದವರೂ ಓದುವುದಿಲ್ಲ. ಕನ್ನಡ ಸಾಹಿತ್ಯ ಹಿಂದೆಂದೂ ಇಷ್ಟು ವೇಗವಾಗಿ ಕೈ ಬದಲಿಸಿರಲಿಲ್ಲ.

ಇನ್ನೊಂದು ಜಾತಿಯವರು ಕೈಯಲ್ಲಿ ಏನನ್ನೂ ತರುವುದಿಲ್ಲ, ಜೇಬಿನಲ್ಲಿ ಲೆಟರ್‌ಹೆಡ್ ತರುತ್ತಾರೆ. ಶಾಸಕರದ್ದೋ ಮಾಜಿಯವರದ್ದೋ ಶಿಫಾರಸು. “ಈ ಪತ್ರ ತರುವವರು ನಮಗೆ ಬೇಕಾದವರಾಗಿದ್ದು” ಎಂದು ಅದು ಶುರುವಾಗುತ್ತದೆ. ಸೇವೆಗೆ ಸಂಬಂಧಿಸಿದ ವಿಷಯದಲ್ಲಿ ಹೊರಗಿನವರ ಪ್ರಭಾವ ತರುವುದು ನಡತೆ ನಿಯಮದ ಪ್ರಕಾರ ತಪ್ಪು. 1966ರ ಹಳೆಯ ನಿಯಮದಲ್ಲೂ ತಪ್ಪು, ಅದರ ಬದಲಿಗೆ ಬಂದ 2021ರ ನಿಯಮದಲ್ಲೂ ತಪ್ಪು. ಆ ಪತ್ರ ಕಡತಕ್ಕೆ ಸೇರಿ, ಪುಟಸಂಖ್ಯೆ ಬಿದ್ದು, ಶಾಶ್ವತವಾಗಿ ಅಲ್ಲೇ ಕೂರುತ್ತದೆ. ಐದು ವರ್ಷದ ಮೇಲೆ ಬೇರೆ ಪಕ್ಷದ ಶಾಸಕರು ಬಂದಾಗ ಯಾರಾದರೂ ಆ ಪುಟ ತಿರುವಿದರೆ ಸಾಕು. ನಿಮ್ಮ ಬಗ್ಗೆ ನೀವೇ ಲಗತ್ತಿಸಿಕೊಟ್ಟ ದೂರು ಅದು.

ಈಚೆಗೆ ನಾನು ಕಣ್ಣಾರೆ ಕಂಡ ಒಬ್ಬ ಹುಡುಗನ ಸಂಗತಿ ಹೇಳುತ್ತೇನೆ. ಅವನೂ ಎಸ್‌ಡಿಎ. ಕೆಲಸ ಇದೇ ಮೂರೂರಲ್ಲೊಂದರಲ್ಲಿ, ನೇಮಕಾತಿ ಪ್ರಾಧಿಕಾರ ಚಿಕ್ಕಮಗಳೂರಿನಲ್ಲಿ. (1947ರವರೆಗೆ ನಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಹೆಸರು ಕಡೂರಿನದು, ದೊಡ್ಡ ಸಾಹೇಬರ ಕಚೇರಿ ಮಾತ್ರ ಚಿಕ್ಕಮಗಳೂರಲ್ಲಿ. ಕಡೂರಿನವರಿಗೆ ಮೇಲಿನವರನ್ನು ಹುಡುಕಿಕೊಂಡು ಗುಡ್ಡದ ಕಡೆ ಹೋಗುವುದು ಹೊಸದೇನಲ್ಲ.) ಹುಡುಗನ ಎರಡು ವರ್ಷದ ಪರೀಕ್ಷಾರ್ಥ ಅವಧಿ, ಅಂದರೆ ನಾವು ಪ್ರೊಬೇಷನ್ ಎನ್ನುವುದು, ಮುಗಿದು ಆರು ತಿಂಗಳಾಗಿತ್ತು. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಿದ್ದ. ಆದೇಶ ಬಂದಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಎರಡು ವರ್ಷ ತುಂಬಿದ ಮಾತ್ರಕ್ಕೆ ಪ್ರೊಬೇಷನ್ ತಾನಾಗಿಯೇ ಮುಗಿಯುವುದಿಲ್ಲ. ತೃಪ್ತಿಕರವಾಗಿ ಮುಗಿಸಿದ್ದಾನೆಂದು ಪ್ರತ್ಯೇಕ ಆದೇಶವೇ ಆಗಬೇಕು. ಆದೇಶ ತಡವಾಯಿತು, ಆದ್ದರಿಂದ ಮುಗಿದಂತೆಯೇ ಲೆಕ್ಕ ಎಂದು ವಾದಿಸಲು 1977ರ ಪ್ರೊಬೇಷನ್ ನಿಯಮ ಬಿಡುವುದಿಲ್ಲ. ಹಾಗಾಗಿ ಸುಮ್ಮನಿದ್ದರೆ ಸುಮ್ಮನೇ ಇರಬೇಕಾಗುತ್ತದೆ, ಕೇಳಲೇಬೇಕು. ಸಕಾಲದ ಕೌಂಟರಿಗೆ ಬಂದ ರೈತನಿಗೆ ಈ ಹುಡುಗನೇ ನಂಬರು ಕೊಟ್ಟು, ಇಷ್ಟು ದಿನದೊಳಗೆ ಆಗುತ್ತದೆ ಎಂದು ಹೇಳಿ ಕಳಿಸುತ್ತಾನೆ. ಅವನ ಸ್ವಂತ ಕಡತಕ್ಕೆ ಅಂಥ ನಂಬರೂ ಇರಲಿಲ್ಲ, ದಿನಗಳ ಲೆಕ್ಕವೂ ಇರಲಿಲ್ಲ.

ಕಚೇರಿಯವರೆಲ್ಲ ದಾರಿ ತೋರಿಸಿದರು. ಒಬ್ಬರು ಸಾಹೇಬರ ಜಾತಿ ಹೇಳಿದರು, ಇನ್ನೊಬ್ಬರು ಸಾಹೇಬರ ಮಾವನ ಊರು. ಮೂರನೆಯವರು, ಅಜ್ಜಂಪುರದ ಈರುಳ್ಳಿ ಒಂದು ಚೀಲ ಡ್ರೈವರ್ ಕೈಗೆ ಕೊಟ್ಟರೆ ಸಾಕು ಎಂದರು. ನನಗೆ ಹಳೆಯ ಹೆಗಲು ನೋವು ಮರುಕಳಿಸಿತು.

ಹುಡುಗ ಮಾಡಿದ್ದೇ ಬೇರೆ. ತನ್ನ ಕಚೇರಿಯ ಜಾವಕ ರಿಜಿಸ್ಟರ್ ತೆಗೆದು, ತನ್ನ ಪ್ರಸ್ತಾವನೆ ಯಾವ ಸಂಖ್ಯೆಯಲ್ಲಿ, ಯಾವ ದಿನಾಂಕದಲ್ಲಿ ಜಿಲ್ಲಾ ಕಚೇರಿಗೆ ಹೋಗಿದೆ ಎಂದು ಬರೆದುಕೊಂಡ. ಅದೇ ಸಂಖ್ಯೆಯನ್ನು ಉಲ್ಲೇಖಿಸಿ ಒಂದು ಪುಟದ ಅರ್ಜಿ ಬರೆದು, ತನ್ನ ಕಚೇರಿಯ ಸಾಹೇಬರ ಮೂಲಕ ನೆನಪೋಲೆ ಕಳಿಸಿದ. ತಿಂಗಳು ಕಾದ. ಉತ್ತರವಿಲ್ಲ. ಆಮೇಲೆ ಸಾಹೇಬರ ಮುಂದೆ ಹೋಗಿ, “ಸಾರ್, ಒಂದು ದಿನ ಸಿ.ಎಲ್. ಹಾಕಿ ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸಿ ಬರ್ತೀನಿ, ಅನುಮತಿ ಕೊಡಿ” ಎಂದ. ಆ ಸಾಹೇಬರು ಒಂದು ಕ್ಷಣ ದಂಗಾದರು. ತಮ್ಮ ಕೈಕೆಳಗಿನವರು ತಮ್ಮ ತಲೆಯ ಮೇಲಿಂದ ಹಾರಿ ಹೋಗುವುದನ್ನು ಅವರು ಎಷ್ಟೋ ಸಲ ನೋಡಿದ್ದರು, ಹೇಳಿ ಹೋಗುವವನನ್ನು ನೋಡಿರಲಿಲ್ಲ. ಸಿ.ಎಲ್. ಹಾಕಿದ್ದಂತೂ ಇನ್ನೂ ದೊಡ್ಡ ವಿಚಿತ್ರ. ಸ್ವಂತ ಕೆಲಸಕ್ಕೆ ಹೋಗುವಾಗ ಓಓಡಿ ಬರೆಸುವುದು ನಮ್ಮಲ್ಲಿ ಉಸಿರಾಟದಷ್ಟು ಸಹಜ.

ನನಗೂ ಅಂದು ಚಿಕ್ಕಮಗಳೂರಲ್ಲಿ ಪಿಂಚಣಿಯದ್ದೊಂದು ಕೆಲಸ. ಇಬ್ಬರೂ ಕಡೂರಿನಿಂದ ಜೊತೆಗೇ ಹೋದೆವು. ದಾರಿಯಲ್ಲಿ ಕೇಳಿದೆ, “ಏನಪ್ಪ, ಕೈಯಲ್ಲಿ ಏನೂ ಇಲ್ಲ?” ಪ್ಲಾಸ್ಟಿಕ್ ಫೋಲ್ಡರ್ ತೋರಿಸಿದ. ಒಳಗೆ ಅರ್ಜಿಯ ಪ್ರತಿ, ಪರೀಕ್ಷೆ ಪಾಸಾದದ್ದರ ಪ್ರತಿ, ಒಂದು ಪೆನ್ನು.

ಜಿಲ್ಲಾ ಕಚೇರಿಯಲ್ಲಿ ಅವನು ಸೀದಾ ಚೇಂಬರಿಗೆ ಹೋಗಲಿಲ್ಲ. ಮೊದಲು ವಿಷಯ ನಿರ್ವಾಹಕರ ಮೇಜಿಗೆ ಹೋಗಿ, ನಿಂತುಕೊಂಡೇ ಸಂಖ್ಯೆ ದಿನಾಂಕ ಹೇಳಿದ. ಅವರು ಕಂಪ್ಯೂಟರಿನಲ್ಲಿ ನೋಡಿ, ಮ್ಯಾನೇಜರ್ ಹತ್ರ ಕೇಳಿ ಎಂದರು. ಮ್ಯಾನೇಜರು, ಕಡತ ಸಾಹೇಬರ ಹಂತದಲ್ಲಿ ಚರ್ಚೆಗೆ ಬಾಕಿ ಇದೆ, ಬೇಕಾದರೆ ನೀನೇ ಕಾಣು ಎಂದರು. ‘ಚರ್ಚಿಸಿ’ ಎಂಬ ಒಂದು ಪದವನ್ನು ಟಿಪ್ಪಣಿ ಹಾಳೆಯಲ್ಲಿ ಬರೆದುಬಿಟ್ಟರೆ ಕಡತ ಎಷ್ಟು ದಿನ ಬೇಕಾದರೂ ಮಲಗಬಲ್ಲದು; ಚರ್ಚಿಸಬೇಕಾದವರು ಯಾರೆಂದು ಅದರಲ್ಲಿ ಇರುವುದಿಲ್ಲ. ಆಗ ಮಾತ್ರ ಹುಡುಗ ಒಂದು ಚೀಟಿಯಲ್ಲಿ ಹೆಸರು, ಹುದ್ದೆ, ಕಚೇರಿ ಬರೆದು, ಕೆಳಗೆ ‘ವಿಷಯ: ಪರೀಕ್ಷಾರ್ಥ ಅವಧಿ ಘೋಷಣೆ’ ಎಂದು ಸೇರಿಸಿ ದಫೇದಾರರ ಕೈಗೆ ಕೊಟ್ಟ. ಬಹಳ ಜನ ಚೀಟಿಯಲ್ಲಿ ವಿಷಯ ಬರೆಯುವುದಿಲ್ಲ, ‘ವೈಯಕ್ತಿಕ’ ಎಂದು ಬರೆಯುತ್ತಾರೆ. ಆ ಪದ ಓದಿದ ಕೂಡಲೇ ಸಾಹೇಬರ ಮುಖ ಬಿಗಿಯುತ್ತದೆ.

ಒಂದೂವರೆ ಗಂಟೆ ಕಾದ ಮೇಲೆ ಕರೆ ಬಂತು. ಒಳಗೆ ಇನ್ನೂ ನಾಲ್ಕು ಜನ ಕೂತಿದ್ದರು. ನಾನು ಬಾಗಿಲ ಬಳಿ ಬೆಂಚಿನಲ್ಲಿದ್ದೆ, ಎಲ್ಲ ಕೇಳಿಸುತ್ತಿತ್ತು. ಬೇರೆಯವರಾಗಿದ್ದರೆ “ಸಾರ್, ಒಂದೆರಡು ನಿಮಿಷ ತಮ್ಮ ಹತ್ರ ಪ್ರತ್ಯೇಕವಾಗಿ” ಎನ್ನುತ್ತಿದ್ದರು. ಇವನು ಚಪ್ಪಲಿ ಹಾಕಿಕೊಂಡೇ ಹೋಗಿ, ಕೈಮುಗಿದು, ಎಲ್ಲರ ಮುಂದೆ ಹೇಳಿದ:

“ನಮಸ್ಕಾರ ಸಾರ್. ನನ್ನ ಪ್ರೊಬೇಷನ್ ಅವಧಿ ಮುಗಿದು ಏಳು ತಿಂಗಳಾಯ್ತು. ಪ್ರಸ್ತಾವನೆ ಬಂದಿದೆ, ನೆನಪೋಲೆನೂ ಬಂದಿದೆ, ಸಂಖ್ಯೆ ಇದರಲ್ಲಿದೆ. ನಮ್ಮ ಕಡೆಯಿಂದ ಯಾವ ಕಾಗದ ಬಾಕಿ ಇದೆ ಅಂತ ಗೊತ್ತಾದ್ರೆ ಒದಗಿಸ್ತೀವಿ ಸಾರ್.”

ಸಾಹೇಬರು ಕಾಗದ ನೋಡಲಿಲ್ಲ, ಅವನ ಕೈ ನೋಡಿದರು. ಆಮೇಲೆ ಕೇಳಿದರು, “ಯಾರ್ ಕಳಿಸಿದ್ದು ನಿನ್ನ?”

“ಯಾರೂ ಇಲ್ಲ ಸಾರ್. ನಮ್ಮ ಸಾಹೇಬ್ರ ಅನುಮತಿ ತಗಂಡು ನಾನೇ ಬಂದೆ.”

“ಯಾವೂರು ನಿಂದು?”

ಈ ಪ್ರಶ್ನೆಯಲ್ಲಿ ಒಂದು ಹಳ್ಳವಿದೆ. ಊರು ಹೇಳಿದರೆ ಕೇರಿ, ಕೇರಿ ಹೇಳಿದರೆ ಮನೆತನ, ಮನೆತನ ಹೇಳಿದರೆ “ಹಾಗಾದ್ರೆ ನೀವು ಇಂಥವರಿಗೆ ಏನಾಗಬೇಕು?” ಅಷ್ಟರಲ್ಲಿ ಕಡತದ ಮಾತು ಮುಗಿದು ನೆಂಟಸ್ತಿಕೆಯ ಮಾತು ಶುರುವಾಗಿರುತ್ತದೆ. ಎಷ್ಟೋ ಜನ ಈ ಪ್ರಶ್ನೆಗಾಗಿಯೇ ಬಾಯಿ ಬಿಟ್ಟುಕೊಂಡು ಕಾಯುತ್ತಾರೆ. ಹುಡುಗ ಊರಿನ ಹೆಸರು ಹೇಳಿದ, ಅಲ್ಲಿಗೇ ನಿಲ್ಲಿಸಿದ. ಸಾಹೇಬರೂ ಮುಂದೆ ಕೆದಕಲಿಲ್ಲ. ಬೆಲ್ಲು ಒತ್ತಿ ಮ್ಯಾನೇಜರನ್ನು ಕರೆಸಿದರು. ಕಡತ ತೆರೆಯಿತು. ಎರಡನೆಯ ವರ್ಷದ ಕಾರ್ಯನಿರ್ವಹಣಾ ವರದಿಗೆ ಸಹಿ ಇರಲಿಲ್ಲ. ಬರೆಯಬೇಕಾದ ಅಧಿಕಾರಿ ವರ್ಗವಾಗಿ ಬೇರೆ ಜಿಲ್ಲೆಗೆ ಹೋಗಿದ್ದರು. ಇಷ್ಟೇ. ಏಳು ತಿಂಗಳು ಒಂದು ಸಹಿಗೆ.

ಇಲ್ಲಿ “ದಯವಿಟ್ಟು ಬೇಗ ಮಾಡಿಸ್ಕೊಡಿ ಸಾರ್, ನಿಮ್ಮ ಮರೆಯಲ್ಲ” ಎಂದು ಕಾಲಿಗೆ ಬೀಳುವ ಜಾಗ ಬಂದಿತ್ತು. ಹುಡುಗ ಇನ್ನೊಂದು ಪ್ರಶ್ನೆ ಕೇಳಿದ: “ಅವರಿಗೆ ಇಲ್ಲಿಂದ ಪತ್ರ ಹೋಗುತ್ತಾ ಸಾರ್, ಇಲ್ಲ ನಮ್ಮ ಕಚೇರಿಯಿಂದ ಬರೆಸ್ಬೇಕಾ?” ಸಾಹೇಬರು ಮ್ಯಾನೇಜರ ಮುಖ ನೋಡಿದರು. ಇಲ್ಲಿಂದಲೇ ಹೋಗಬೇಕಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. “ನಾವೇ ಬರೀತೀವಿ, ಹೋಗು” ಎಂದರು. ಅವನು ಕೈಮುಗಿದು ಹೊರಬಂದ. ಎಲ್ಲ ಸೇರಿ ಮೂರು ನಿಮಿಷ ಆಗಿರಲಿಲ್ಲ.

ಎಲ್ಲ ಸಾಹೇಬರ ಹತ್ತಿರವೂ ಇದು ನಡೆಯುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಬೆನ್ನು ನೇರ ಇಟ್ಟುಕೊಂಡು ಬಂದವನನ್ನು ಅಹಂಕಾರಿ ಎಂದು ಬಗೆಯುವವರನ್ನೂ ನೋಡಿದ್ದೇನೆ. ಅಂಥವರ ಕೈಕೆಳಗೆ ಎರಡನೇ ನೆನಪೋಲೆ, ಮೂರನೇ ನೆನಪೋಲೆ, ಪ್ರತಿಯೊಂದಕ್ಕೂ ಟಪಾಲು ವಿಭಾಗದ ಸ್ವೀಕೃತಿ ಮುದ್ರೆ, ಇದೇ ಗತಿ. ಮಾಹಿತಿ ಹಕ್ಕಿನಲ್ಲಿ ತನ್ನದೇ ಕಡತದ ಪ್ರತಿ ಕೇಳಬಹುದು, ತಪ್ಪಲ್ಲ. ಕೇಳಿದ ಮರುದಿನದಿಂದ ಕಚೇರಿಯಲ್ಲಿ ನಿಮ್ಮ ಟೀಗೆ ಸಕ್ಕರೆ ಬೀಳುವುದಿಲ್ಲ, ಅಷ್ಟೇ. ಕೈಮುಗಿಯುವ ಮರ್ಯಾದೆಯಲ್ಲಿ ಹುಡುಗ ಏನೂ ಕಡಿಮೆ ಮಾಡಿರಲಿಲ್ಲ ಎಂಬುದನ್ನು ಮಾತ್ರ ಹೇಳಬೇಕು. ಆ ಕಚೇರಿಯಲ್ಲಿ ಅಂದು ಸಾಹೇಬರಿಗೆ ಅತಿ ಹೆಚ್ಚು ಮರ್ಯಾದೆ ಕೊಟ್ಟವನು ಅವನೇ ಇರಬೇಕು. ಕಾಗದ ಓದಿದರೆ ನ್ಯಾಯವಾದದ್ದನ್ನು ಮಾಡುವ ಮನುಷ್ಯ ಇವರು ಎಂದು ನಂಬಿ ಮಾತಾಡಿದ. ನಾವೆಲ್ಲ ಈರುಳ್ಳಿ ಚೀಲಕ್ಕೆ ಸಾಹೇಬರ ಬೆಲೆ ಕಟ್ಟಿಕೊಂಡು ಹೋಗುತ್ತಿದ್ದೆವು.

ಐದು ವಾರಕ್ಕೆ ಆದೇಶ ಬಂತು. ಹುಡುಗ ಸಿಹಿ ಹಂಚಿದ, ತನ್ನ ಕಚೇರಿಯಲ್ಲಿ ಮಾತ್ರ. ಚಿಕ್ಕಮಗಳೂರಿಗೆ ಪೊಟ್ಟಣ ಹೋಗಲಿಲ್ಲ. ಆದರೆ ಊರೆಲ್ಲ ಸುದ್ದಿ ಹೋಯಿತು: ಈ ಹುಡುಗ ಸಾಹೇಬರಿಗೆ ಬಹಳ ಹತ್ತಿರದವನಂತೆ. ಇಲ್ಲದಿದ್ದರೆ ನಾಲ್ಕು ಜನರ ಮುಂದೆ ಹಾಗೆ ನಿಂತು ಮಾತಾಡಲು ಸಾಧ್ಯವಾ? ಚಪ್ಪಲಿ ಬೇರೆ ಹಾಕಿಕೊಂಡಿದ್ದನಂತೆ. ದಫೇದಾರರ ಪ್ರಕಾರ ಸೋದರಳಿಯ, ಡ್ರೈವರ ಪ್ರಕಾರ ಮುಂದಿನ ಅಳಿಯ.

ಮೊನ್ನೆ ನಾನು ಆ ಕಚೇರಿಗೆ ಹೋಗಿದ್ದಾಗ ಶಿರಸ್ತೇದಾರರು ಹುಡುಗನ ಮೇಜಿನ ಹತ್ತಿರ ಬಂದರು. ನಿವೃತ್ತಿಗೆ ಎರಡು ವರ್ಷ ಇರುವ ಮನುಷ್ಯ. ಸುತ್ತ ನೋಡಿ, ಧ್ವನಿ ತಗ್ಗಿಸಿ, ಸ್ವಲ್ಪ ಬಗ್ಗಿದರು.

“ನಂದೊಂದು ಕಾಲಬದ್ಧ ಬಡ್ತಿ ವೇತನದ ಫೈಲು ಮೇಲೆ ಕೂತಿದೆ ಕಣಪ್ಪ. ನೀನು ಸಾಹೇಬ್ರಿಗೆ ಒಂದು ಮಾತು ಹಾಕು. ಸ್ವಲ್ಪ ನೋಡ್ಕ.”

ಹುಡುಗ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಫೋಲ್ಡರಿನಿಂದ ಪೆನ್ನು ತೆಗೆದ.

“ಕೂತ್ಕಳಿ ಸಾರ್. ಯಾವ ಕಾಗದ ಬಾಕಿ ಇದೆಯಂತೆ?”

ಶಿರಸ್ತೇದಾರರು ಅವನನ್ನೇ ದಿಟ್ಟಿಸಿ ನೋಡಿದರು. ಮುಖ ಬಾಡಿತು.

“ಮಾಡ್ಕೊಡೋಕೆ ಇಷ್ಟ ಇಲ್ಲ ಅಂತ ನೇರ ಹೇಳಪ್ಪ” ಎಂದು ಹೊರಟೇಹೋದರು.